ಆರ್ಡರ್ ಬುಕ್ ದಪ್ಪ ಇದೆ ಅಂತ ಷೇರು ತಗೊಂಡು ಕೈಸುಟ್ಟುಕೊಂಡೆ

"ಎರಡೂವರೆ ವರ್ಷಕ್ಕೆ ಆಗುವಷ್ಟು ಆರ್ಡರ್ ಕೈಯಲ್ಲಿದೆ." ಒಂದು ಹಳೇ ಫೌಂಡ್ರಿ ಕಂಪನಿಯವರ ಈ ಮಾತು ನಂಬಿ ಉಳಿತಾಯದ ದೊಡ್ಡ ಪಾಲನ್ನು ಅದರ ಷೇರಿಗೆ ಸುರಿದೆ. ಹೆಸರು ಬೇಡ. ದೊಡ್ಡ ಯಂತ್ರಗಳ ಗೇರ್‌ಬಾಕ್ಸ್‌ಗೆ ಹೊರಕವಚ ಎರಕ ಹೊಯ್ಯುವ ಕಂಪನಿ ಅಂದರೆ ಸಾಕು.

ವರ್ಷದ ಮಾರಾಟ 100 ಅಂತಿಟ್ಟುಕೊಳ್ಳಿ, ಆರ್ಡರ್ ಬುಕ್ 250. ನಾನು ನೋಡಿದ್ದು ಅಷ್ಟೇ. ಕೈಸುಟ್ಟ ಮೇಲೆ ಕೂತು ಬಿಡಿಸಿ ನೋಡಿದೆ. 150 ಒಬ್ಬನೇ ಗ್ರಾಹಕನದ್ದು, ಅದೂ ಬರೀ ದರ ಒಪ್ಪಂದ. ಇಷ್ಟು ತಗೋಬಹುದು ಅಂತ ಅಂದಾಜು ಇದೆಯೇ ಹೊರತು ತಗೊಳ್ಳಲೇಬೇಕು ಅಂತಿಲ್ಲ, ಅವನು ತಿಂಗಳ ಶೆಡ್ಯೂಲ್ ಕಳಿಸಿದರೆ ಮಾತ್ರ ಕುಲುಮೆಗೆ ಕೆಲಸ. ಇನ್ನು 60 ಒಂದು ವರ್ಷದಿಂದ ಅಲ್ಲಾಡಿಲ್ಲ, ಕೊಳ್ಳುವವರ ಯೋಜನೆಯೇ ನಿಂತಿದೆ. ಗಟ್ಟಿ ಆರ್ಡರ್ ಉಳಿದದ್ದು 40. ಐದು ತಿಂಗಳಿಗೂ ಸಾಲದು!

ಇದರ ಸುಳಿವು ಮೊದಲೇ ಇತ್ತು, ನಾನೇ ಹುಡುಕಲಿಲ್ಲ. ಮೂರು ವರ್ಷ ಆರ್ಡರ್ ಬುಕ್ ಬೆಳೀತಾನೇ ಇತ್ತು, ಮಾರಾಟ ಮಾತ್ರ ಇದ್ದಲ್ಲೇ ಇತ್ತು. ಗ್ರಾಹಕರು ಕೊಟ್ಟ ಮುಂಗಡ ಇಳೀತಾ ಬಂದಿತ್ತು. ನಿಜವಾಗಿ ಮಾಲು ಬೇಕಾದವನು ಮುಂಗಡ ಕೊಡ್ತಾನೆ ಅಥವಾ ಮಾಲು ಎತ್ತಿಕೊಂಡು ಹೋಗ್ತಾನೆ, ಎರಡೂ ಇಲ್ಲ ಅಂದರೆ ಏನೋ ಎಡವಟ್ಟು ಅಲ್ವಾ?

ಆ ದೊಡ್ಡ ಗ್ರಾಹಕನ ಬಗ್ಗೆ ಕೇಳಿದಾಗ "ಇಪ್ಪತ್ತು ವರ್ಷದ ಸಂಬಂಧ, ಎಲ್ಲೂ ಹೋಗಲ್ಲ" ಅಂದಿದ್ದರು. ಕಾರ್ಖಾನೆ ನೋಡಲು ಹೋದಾಗ ಶೆಡ್ಡಿನ ಮೂಲೆಯಲ್ಲಿ ಮರದ ಪ್ಯಾಟರ್ನ್‌ಗಳು ಸಾಲಾಗಿದ್ದವು. ಒಂದೊಂದರ ಮೇಲೂ ಗ್ರಾಹಕನ ಹೆಸರು, ನಂಬರು, ಬಿಳಿ ಪೇಂಟಿನಲ್ಲಿ. ಚೆನ್ನಾಗಿ ಜೋಡಿಸಿದ್ದಾರೆ ಅಂದುಕೊಂಡು ಫೋಟೋ ತೆಗೆದುಕೊಂಡೆ, ಪೆದ್ದ! ಎರಕದ ಅಚ್ಚು ಮಾಡುವ ಆ ಪ್ಯಾಟರ್ನ್ ಗ್ರಾಹಕನ ಆಸ್ತಿ. ಬೇಕೆಂದಾಗ ಲಾರಿ ತಂದು ತುಂಬಿಕೊಂಡು ಇನ್ನೊಂದು ಫೌಂಡ್ರಿಗೆ ಕೊಡಬಹುದು. ಅಲ್ಲಿ ಮಾದರಿ ಹೊಯ್ದು ಪರೀಕ್ಷೆ ಮಾಡಿ ಒಪ್ಪಿಗೆ ಕೊಡೋಕೆ ಕೆಲವು ತಿಂಗಳು ಬೇಕು, ಅಷ್ಟೇ ತಡೆ. ಎರಕ ಹೊಯ್ದು ಹಾಗೇ ಕಳಿಸುವ ಬದಲು ಮಷೀನಿಂಗ್ ಮುಗಿಸಿ, ನೇರ ಜೋಡಿಸುವಂತೆ ಕೊಡುವವರನ್ನು ಬಿಡುವುದು ಇಷ್ಟು ಸುಲಭ ಅಲ್ಲ. ಇವರು ಬರೀ ಎರಕ ಕೊಡ್ತಿದ್ದರು.

ಆ ಗ್ರಾಹಕ ಎರಡನೇ ಫೌಂಡ್ರಿಗೆ ಒಪ್ಪಿಗೆ ಕೊಟ್ಟ. ಆರ್ಡರ್ ರದ್ದು ಮಾಡಲಿಲ್ಲ, ಶೆಡ್ಯೂಲ್ ಕಳಿಸೋದು ಕಡಿಮೆ ಮಾಡಿದ ಅಷ್ಟೇ. ಹಾಗಾಗಿ ಮುಂದಿನ ವರದಿಯಲ್ಲೂ ಆರ್ಡರ್ ಬುಕ್ 240 ಅಂತಲೇ ಇತ್ತು. ಎರಡು ಕುಲುಮೆಗಳಲ್ಲಿ ಒಂದು ಆರಿಹೋಗಿತ್ತು.