ಗೂಗಲ್ ಬಿಸಿನೆಸ್ ಪ್ರೊಫೈಲ್: ಹಲವು ವರ್ಷ ಬಳಸಿದ ಮೇಲೆ

ದಾವಣಗೆರೆಯಲ್ಲಿ ಒಂದು ದಂತ ಚಿಕಿತ್ಸಾಲಯ, ಒಂದು ಟ್ಯೂಷನ್ ಕೇಂದ್ರ ಮತ್ತು ಒಂದು ಸ್ಟೇಷನರಿ ಅಂಗಡಿಯ ಆನ್‌ಲೈನ್ ಪುಟಗಳನ್ನು ನೋಡಿಕೊಳ್ಳುತ್ತೇನೆ. ಮೂವರೂ ಮೊದಲು ಕೇಳಿದ್ದು ಇನ್‌ಸ್ಟಾಗ್ರಾಂ. ಹೊಸಬರನ್ನು ಬಾಗಿಲಿಗೆ ಕರೆತಂದದ್ದು ಮಾತ್ರ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಈ ಉಚಿತ ಪ್ರೊಫೈಲ್. ಹಲ್ಲುನೋವಿನಿಂದ ಒದ್ದಾಡುವವರು ರೀಲ್ಸ್ ನೋಡುತ್ತಾ ಕೂರುವುದಿಲ್ಲ. ಹತ್ತಿರ ಯಾರಿದ್ದಾರೆ, ಈಗ ತೆರೆದಿದೆಯೇ ಎಂದಷ್ಟೇ ನೋಡುತ್ತಾರೆ.

ಹಾಗಾಗಿ ಇಲ್ಲಿನ ನಿಜವಾದ ಕೆಲಸ ಸಮಯ ಬರೆಯುವುದು. ನಮ್ಮ ಡಾಕ್ಟರು ಬೆಳಿಗ್ಗೆ 10ರಿಂದ 1.30, ಸಂಜೆ 5ರಿಂದ 8.30 ಕೂರುತ್ತಾರೆ. ಮೊದಲಿನವರು 10ರಿಂದ 8.30 ಎಂದು ಒಂದೇ ಸಾಲಿನಲ್ಲಿ ಬರೆದಿದ್ದರು. ಮಧ್ಯಾಹ್ನ 3ಕ್ಕೆ ಹಳ್ಳಿಯಿಂದ ಬಸ್ ಹಿಡಿದು ಬಂದವರು ಬೀಗ ನೋಡಿ ಒಂದು ಸ್ಟಾರ್ ಕೊಟ್ಟು ಹೋಗುತ್ತಿದ್ದರು. ಒಂದೇ ದಿನಕ್ಕೆ ಎರಡು ಅವಧಿಗಳನ್ನು ಸೇರಿಸಲು ಬರುತ್ತದೆ; ಹಾಗೆ ಮಾಡಿದ ಮೇಲೆ ಆ ದೂರು ನಿಂತಿತು. ಹಬ್ಬದ ದಿನಗಳಿಗೆ ‘ವಿಶೇಷ ಸಮಯ’ ಎಂಬ ಬೇರೆ ಜಾಗವಿದೆ. ಅಲ್ಲಿ ಬರೆದದ್ದು ಆ ದಿನದ ಮಾಮೂಲಿ ಸಮಯದ ಬದಲಿಗೆ ನಿಲ್ಲುತ್ತದೆ. ಯುಗಾದಿಯ ಸಂಜೆ ಮಾತ್ರ ರಜೆಯಿದ್ದರೆ ಬೆಳಗಿನ ಅವಧಿಯನ್ನೂ ಅಲ್ಲಿ ಮತ್ತೆ ನಮೂದಿಸಬೇಕು.

ಹೇಳಿದ ಜಾಗದಲ್ಲಿ ವ್ಯವಹಾರ ನಿಜವಾಗಿ ಇದೆಯೇ ಎಂಬ ಪರಿಶೀಲನೆಗೆ ಗೂಗಲ್‌ನವರು ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ಟ್ಯೂಷನ್ ಕೇಂದ್ರ ಮನೆಯ ಮಹಡಿಯಲ್ಲಿದೆ. ಬೀದಿಯಿಂದ ಶುರುಮಾಡಿ ಪಕ್ಕದ ಅಂಗಡಿ, ನಾಮಫಲಕ, ಮೆಟ್ಟಿಲು, ಬೀಗ ತೆಗೆಯುವ ಕೈ, ಒಳಗಿನ ಬೆಂಚು ಇವೆಲ್ಲವನ್ನೂ ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿದೆವು. ಹೆಸರು ಫಲಕದಲ್ಲಿ ಇರುವಂತೆಯೇ ಇರಬೇಕು. ‘ದಾವಣಗೆರೆಯ ನಂಬರ್ ಒನ್ ಗಣಿತ ಟ್ಯೂಷನ್’ ಎಂದು ಬಾಲ ಅಂಟಿಸಲು ಮಾಲೀಕರಿಗೆ ಆಸೆಯಿತ್ತು. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು ಎಂದು ತಡೆದೆ. ವಿಮರ್ಶೆ ಬರೆದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವುದೂ ಅಷ್ಟೇ ನಿಷಿದ್ಧ.

ಇಷ್ಟವಾಗದ ಸಂಗತಿಯೂ ಇದೆ. ದಾರಿಹೋಕರು ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಮಾಲೀಕರು ಗಮನಿಸುವ ಮೊದಲೇ ಅದು ಜಾರಿಗೆ ಬಂದಿರಬಹುದು. ಆದ್ದರಿಂದ ವಾರಕ್ಕೊಮ್ಮೆ ಬೇರೆ ಮೊಬೈಲಿನಲ್ಲಿ, ಲಾಗಿನ್ ಆಗದೆ ಹುಡುಕಿ ಫೋನ್ ನಂಬರು ಮತ್ತು ಸಮಯವನ್ನು ನೋಡಿಕೊಳ್ಳುತ್ತೇನೆ. ಪ್ರೊಫೈಲ್ ತೋರಿಸುವ ಕರೆಗಳ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಅದು ಕರೆ ಗುಂಡಿ ಒತ್ತಿದವರ ಎಣಿಕೆ. ನಂಬರು ಬರೆದುಕೊಂಡು ಆಮೇಲೆ ಕರೆ ಮಾಡಿದವರು ಅದರಲ್ಲಿ ಸೇರುವುದಿಲ್ಲ. ಅದಕ್ಕೇ ‘ಯಾರು ಹೇಳಿದರು?’ ಎಂದು ಚಿಕಿತ್ಸಾಲಯದ ರಿಜಿಸ್ಟರಿನಲ್ಲೇ ಒಂದು ಕಾಲಂ ಎಳೆಸಿದ್ದೇನೆ.

ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವ ಅಂಗಡಿಯವರು ಪ್ರೊಫೈಲನ್ನು ತಮ್ಮದೇ ಜಿಮೇಲ್‌ನಲ್ಲಿ ತೆರೆಯಲಿ, ಕೆಲಸದವರನ್ನು ‘ಮ್ಯಾನೇಜರ್’ ಆಗಿ ಮಾತ್ರ ಸೇರಿಸಲಿ. ನನ್ನನ್ನೂ ಹಾಗೆಯೇ ಸೇರಿಸಿದ್ದಾರೆ. ನಾಳೆ ನಾನು ಬೇಡವೆನಿಸಿದರೆ ಅವರೇ ತೆಗೆದುಹಾಕಬಹುದು.