ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಮಾಲೀಕರ ಒಪ್ಪಿಗೆ ಪತ್ರ ಕೇಳಿ

ವಿಜಯಪುರದಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಗ್ಯಾಸ್ ಕನೆಕ್ಷನ್‌ಗೆ ಮಾಲೀಕರ ಪತ್ರ ಬೇಕಾಗುತ್ತದೆ ಅನ್ನೋದು ಮನೆ ಹಿಡಿದ ಮೇಲೆ ಗೊತ್ತಾದರೆ ಬಹಳ ಕಷ್ಟ. ಆಗ ಅಡ್ವಾನ್ಸ್ ಅವರ ಕೈಯಲ್ಲಿರುತ್ತದೆ, ನಮ್ಮ ಸಾಮಾನು ಅವರ ಮನೆಯಲ್ಲಿರುತ್ತದೆ.

ನಾವು ಮುದ್ದೇಬಿಹಾಳದ ಕಡೆಯವರು. ಕೆಲಸದ ಸಲುವಾಗಿ ವಿಜಯಪುರಕ್ಕೆ ಬಂದು ಜಲನಗರದಲ್ಲಿ ಒಂದು ಮನೆಯ ಮೇಲಿನ ಮಹಡಿ ಹಿಡಿದೆವು. ಮಾಲೀಕರು ಕೆಳಗೇ ಇರುತ್ತಾರೆ. ಮಾತುಕತೆಯ ದಿನವೇ ನಾನು ಕೇಳಿದ್ದೆ, "ಕಾಕಾ, ಗ್ಯಾಸ್‌ಗೆ ನಿಮ್ಮ ಕಡೆಯಿಂದ ಒಂದು ಎನ್‌ಒಸಿ ಬೇಕಾಗ್ತದ್ರಿ." ಅವರು, "ಅದೇನ್ ದೊಡ್ಡ ಮಾತ್ರಿ, ಕೊಡೋಣಂತ ಬರ್ರಿ" ಅಂದರು. ಮನೆಗೆ ಬಂದ ಮೇಲೆ ಅದೇ ಮಾತು ಎತ್ತಿದರೆ, "ನಮ್ಮ ಅಡ್ರೆಸ್ ಮ್ಯಾಗ ನಿಮ್ಮ ಹೆಸರಿಲೆ ಕಾಗದ ಆಗೂದು ಬ್ಯಾಡ್ರಿ" ಎಂದರು.

ಯಾಕೆ ಹೀಗೆ ಎಂದು ವಿಚಾರಿಸಿದೆ. ಅವರ ಸಂಬಂಧಿಕರೊಬ್ಬರ ಮನೆಯಲ್ಲಿ ಬಾಡಿಗೆದಾರರು ವರ್ಷಗಟ್ಟಲೆ ಬಿಟ್ಟು ಹೋಗದೆ ಸತಾಯಿಸಿದ್ದರಂತೆ. ಆ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೂ ಗ್ಯಾಸ್ ಪುಸ್ತಕಕ್ಕೂ ಸಂಬಂಧವಿಲ್ಲ. ಮಾಲೀಕರ ಅನುಮತಿಯಿಂದ ಬಾಡಿಗೆಗೆ ಇರುವವರಿಗೆ ಒಂದು ಸಿಲಿಂಡರ್ ಕನೆಕ್ಷನ್ನಿಂದ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳೋದರಲ್ಲೇ ಬಹಳ ದಿನ ಹೋಯಿತು. ಅಷ್ಟೂ ದಿನ ಮನೆಯಲ್ಲಿ ಇಂಡಕ್ಷನ್ ಒಲೆಯ ಮೇಲೆಯೇ ಅಡುಗೆ. ಕರೆಂಟ್ ಹೋದರೆ ರೊಟ್ಟಿ ಇಲ್ಲ.

ಕೊನೆಗೆ ಕಾಕಾ ಪತ್ರ ಕೊಟ್ಟರು. ಎರಡೇ ಸಾಲು: "ಇವರು ನಮ್ಮ ಬಾಡಿಗೆದಾರರು, ಗ್ಯಾಸ್ ಕೊಡಲು ನಮ್ಮ ತಕರಾರು ಇಲ್ಲ." ಜೊತೆಗೆ ಹೆಸ್ಕಾಂ ಬಿಲ್ಲಿನ ಜೆರಾಕ್ಸ್. ಅದನ್ನು ಹಿಡಿದು ಗ್ಯಾಸ್ ಏಜೆನ್ಸಿಗೆ ಹೋದರೆ ಎರಡು ಕಾರಣಕ್ಕೆ ವಾಪಸ್ ಕಳಿಸಿದರು. ನನ್ನ ಪ್ರಕಾರ ಎಲ್ಲರೂ ತಿಳಿದುಕೊಳ್ಳಬೇಕಾದದ್ದು ಈ ಎರಡು ಕಾರಣಗಳೇ.

ಮೊದಲನೆಯದು ಹೆಸರು. ಪತ್ರಕ್ಕೆ ಸಹಿ ಮಾಡಿದವರು ಕಾಕಾ. ಕರೆಂಟ್ ಬಿಲ್ ಇದ್ದದ್ದು ಅವರ ತೀರಿಹೋದ ತಂದೆಯ ಹೆಸರಿನಲ್ಲಿ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಮೀಟರ್ ಅಜ್ಜನ ಹೆಸರಿನಲ್ಲಿ, ಮನೆ ಮೊಮ್ಮಕ್ಕಳ ಕೈಯಲ್ಲಿ. ಆದರೆ ಏಜೆನ್ಸಿಯವರಿಗೆ ಸಹಿ ಮಾಡಿದವರೇ ಆ ಮನೆಯ ಮಾಲೀಕರು ಎಂದು ಹೇಗೆ ಗೊತ್ತಾಗಬೇಕು? ಕಾಕಾನ ಹೆಸರಿನಲ್ಲಿದ್ದ ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ ರಸೀದಿ ತಂದುಕೊಟ್ಟ ಮೇಲೆ ಈ ತಕರಾರು ಮುಗಿಯಿತು. ಮನೆ ನೋಡಲು ಹೋದಾಗಲೇ ಕರೆಂಟ್ ಬಿಲ್ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ನೋಡಿ.

ಎರಡನೆಯದು ಇನ್ನೂ ದೊಡ್ಡ ತಲೆನೋವು. ಅದೇ ಮನೆ ನಂಬರಿನಲ್ಲಿ ಆಗಲೇ ಕನೆಕ್ಷನ್‌ಗಳಿವೆ ಎಂದು ಕಂಪ್ಯೂಟರ್ ತೋರಿಸಿತು. ಒಂದು ಕಾಕಾನದು. ಇನ್ನೊಂದು ನಮಗಿಂತ ಮುಂಚೆ ಮೇಲಿದ್ದ ಬಾಡಿಗೆದಾರರದು. ಅವರು ಪುಣೆಗೆ ಹೋಗುವಾಗ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಕನೆಕ್ಷನ್ ಮುಗಿಸಿಕೊಂಡು ಹೋಗಿರಲಿಲ್ಲ. ಎಲ್‌ಪಿಜಿ ನಿಯಮದಲ್ಲಿ ಒಂದು ಕುಟುಂಬಕ್ಕೆ ಒಂದೇ ಗೃಹಬಳಕೆ ಕನೆಕ್ಷನ್. ಕುಟುಂಬ ಅಂದರೆ ಒಂದೇ ಅಡುಗೆಮನೆ ಹಂಚಿಕೊಂಡು ಒಟ್ಟಿಗೆ ಇರುವವರು. ಹಾಗಾಗಿ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಅಡುಗೆಮನೆ ಇದ್ದರೆ ಬೇರೆ ಬೇರೆ ಕನೆಕ್ಷನ್ ಸಿಗುತ್ತದೆ. ಆದರೆ ಅದು ಕಾಗದದಲ್ಲಿ ಕಾಣಬೇಕು. ನಮ್ಮ ಕರಾರು ಪತ್ರದಲ್ಲೂ ಎನ್‌ಒಸಿಯಲ್ಲೂ ಬರೀ ಮನೆ ನಂಬರ್ ಇತ್ತು, "ಮೊದಲ ಮಹಡಿ" ಅನ್ನೋ ಮಾತೇ ಇರಲಿಲ್ಲ.

ಆಮೇಲೆ ಪತ್ರ ಹೊಸದಾಗಿ ಬರೆಸಿದೆವು. ಒಪ್ಪಿಕೊಂಡ ಪತ್ರದ ಮುಖ್ಯ ಮಾತು ಹೀಗಿತ್ತು: "ಈ ಮನೆಯ ಮೊದಲ ಮಹಡಿಯಲ್ಲಿ ಪ್ರತ್ಯೇಕ ಅಡುಗೆಮನೆ ಇದ್ದು, ಅದನ್ನು ಇವರಿಗೆ ಈ ತಾರೀಖಿನ ಕರಾರಿನಂತೆ ಬಾಡಿಗೆಗೆ ಕೊಟ್ಟಿದ್ದೇನೆ. ಹಿಂದಿನ ಬಾಡಿಗೆದಾರರು ಮನೆ ಖಾಲಿ ಮಾಡಿದ್ದಾರೆ. ಇವರು ಬಾಡಿಗೆಗೆ ಇರುವವರೆಗೆ ಮಾತ್ರ, ಅಡುಗೆ ಅನಿಲ ಕನೆಕ್ಷನ್ನಿಗೆ ಮಾತ್ರ ಈ ವಿಳಾಸ ಬಳಸಲು ನನ್ನ ಒಪ್ಪಿಗೆ ಇದೆ." ಕೊನೆಯ ಸಾಲು ಹಾಕಿದ್ದು ಕಾಕಾನ ಸಮಾಧಾನಕ್ಕೆ. ನಿಜ ಹೇಳಬೇಕೆಂದರೆ, ಮೊದಲ ದಿನವೇ ಆ ಸಾಲು ತೋರಿಸಿದ್ದರೆ ಅವರು ಅಷ್ಟು ಹೆದರುತ್ತಿರಲಿಲ್ಲ ಅನಿಸುತ್ತದೆ. ಏಜೆನ್ಸಿಯ ಹುಡುಗ ಮನೆಗೆ ಬಂದು ಅಡುಗೆಮನೆ ನೋಡಿಕೊಂಡು ಹೋದ, ಆಮೇಲೆ ಕನೆಕ್ಷನ್ ಬಂತು.

ಇನ್ನೊಂದು ಗೊತ್ತಿರಲಿ. ಗ್ಯಾಸ್ ಕಂಪನಿಗಳ ಕೆವೈಸಿ ಅರ್ಜಿಯಲ್ಲಿ ವಿಳಾಸದ ಪುರಾವೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಆಧಾರ್, ವೋಟರ್ ಕಾರ್ಡ್, ಕರೆಂಟ್ ಬಿಲ್ ಜೊತೆಗೆ ಬಾಡಿಗೆ ಕರಾರು ಪತ್ರವೂ ಇದೆ. ಅಂದರೆ ಕರಾರು ಪತ್ರ ಸರಿಯಾಗಿದ್ದರೆ ಅರ್ಧ ಕೆಲಸ ಆದಂತೆ. ಅದಕ್ಕೇ ಹೇಳೋದು, ಛಾಪಾ ಕಾಗದದ ಮೇಲೆ ಕರಾರು ಬರೆಸುವಾಗಲೇ ಮಹಡಿ, ಪ್ರತ್ಯೇಕ ಅಡುಗೆಮನೆ ಮತ್ತು "ಗ್ಯಾಸ್ ಕನೆಕ್ಷನ್ನಿಗೆ ಮಾಲೀಕರ ಒಪ್ಪಿಗೆ ಇದೆ" ಎಂಬ ಒಂದು ಸಾಲು ಸೇರಿಸಿ. ಬಾಯಿಮಾತಿನ "ಕೊಡೋಣಂತ" ಯಾವ ಏಜೆನ್ಸಿಯಲ್ಲೂ ನಡೆಯಲ್ಲ. ಸೇರಿಸಲು ಒಪ್ಪದ ಮಾಲೀಕರಿದ್ದರೆ ಅಡ್ವಾನ್ಸ್ ಕೊಡದೆ ಬೇರೆ ಮನೆ ನೋಡೋದೇ ಒಳ್ಳೆಯದು.

ಬ್ಯಾಂಕ್ ವಿಷಯ ಬೇರೆ. ಬ್ಯಾಂಕ್ ಖಾತೆಗೂ ಎನ್‌ಒಸಿ ಬೇಕೆಂದು ನನ್ನ ಹೆಂಡತಿ ಕಾಕೂನ ಹತ್ತಿರ ಕೇಳಲು ಹೋಗಿ, ಮತ್ತೆ ಮಾತು ಬೆಳೆಯಿತು. ಅದು ಬೇಕಾಗಿರಲೇ ಇಲ್ಲ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದ ಪಟ್ಟಿಯಲ್ಲಿ ಮನೆ ಮಾಲೀಕರ ಪತ್ರ ಇಲ್ಲ. ಆಧಾರ್ ಇ-ಕೆವೈಸಿ ಮೂಲಕ ಖಾತೆ ತೆರೆಯುವವರ ಈಗಿನ ವಿಳಾಸ ಆಧಾರ್‌ನಲ್ಲಿರುವುದಕ್ಕಿಂತ ಬೇರೆ ಇದ್ದರೆ, ಸ್ವಯಂ ಘೋಷಣೆ ಬರೆದುಕೊಡಬಹುದು. ನಮ್ಮ ಆಧಾರ್‌ನಲ್ಲಿ ಮುದ್ದೇಬಿಹಾಳದ ವಿಳಾಸವೇ ಇದ್ದರೂ ಖಾತೆ ಆಯಿತು. ಇನ್ನು, ಸಿಲಿಂಡರ್ ಬಿಲ್ ತೋರಿಸಿದರೆ ಬ್ಯಾಂಕಿನಲ್ಲಿ ವಿಳಾಸಕ್ಕೆ ನಡೆಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಯಮದಲ್ಲಿರುವುದು ಎರಡು ತಿಂಗಳಿಗಿಂತ ಹಳೆಯದಲ್ಲದ ಪೈಪ್ ಗ್ಯಾಸ್ ಬಿಲ್. ಸಿಲಿಂಡರ್ ಬಿಲ್ ಅಲ್ಲ.

ಈ ಗೊಂದಲದ ನಡುವೆ ಒಬ್ಬ ಏಜೆಂಟ್ ಬಂದಿದ್ದ. "ಓನರ್ ಸಹಿ ನಾ ನೋಡ್ಕೋತೀನ್ರಿ, ನೀವು ರೊಕ್ಕ ಕೊಡ್ರಿ ಸಾಕು" ಅಂದ. ಅಂದರೆ ಮಾಲೀಕರ ಸಹಿ ತಾನೇ ಹಾಕುತ್ತಾನೆ ಎಂದರ್ಥ. ಅಂಥವರನ್ನು ಬಾಗಿಲಲ್ಲೇ ಕಳಿಸಿ. ಅದು ಫೋರ್ಜರಿ. ಅರ್ಜಿ ಇರೋದು ನಿಮ್ಮ ಹೆಸರಿನಲ್ಲಿ, ಸಿಕ್ಕಿಬೀಳುವವರೂ ನೀವೇ. ಬಜಾರಿನಲ್ಲಿ ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಕೊಡುವವರ ಹತ್ತಿರವೂ ಹೋಗಬೇಡಿ. ಮಕ್ಕಳಿರುವ ಮನೆಯಲ್ಲಿ ಆ ಅಪಾಯ ಬೇಡವೇ ಬೇಡ. ಪತ್ರ ಸಿಗುವವರೆಗೆ ದಾರಿ ಇದೆ. ಗ್ಯಾಸ್ ಕಂಪನಿಗಳೇ ಮಾರುವ 5 ಕೆಜಿಯ ಸಣ್ಣ ಸಿಲಿಂಡರ್ ಇದೆ. ಅದಕ್ಕೆ ಗುರುತಿನ ಚೀಟಿ ಸಾಕು, ವಿಳಾಸದ ಪುರಾವೆ ಬೇಡ. ಸಬ್ಸಿಡಿ ಇಲ್ಲ, ಕೆಜಿ ಲೆಕ್ಕದಲ್ಲಿ ಜಾಸ್ತಿ ಬೀಳುತ್ತದೆ, ಆದರೂ ಅದು ಕಾನೂನುಬದ್ಧ.

ಮನೆ ಬಿಡುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರ್ ಏಜೆನ್ಸಿಗೆ ಕೊಟ್ಟು ಟರ್ಮಿನೇಷನ್ ವೋಚರ್ ಪಡೆಯಿರಿ. ಡಿಪಾಸಿಟ್ ವಾಪಸ್ ಬರುತ್ತದೆ, ಹೊಸ ಊರಿನಲ್ಲಿ ಅದೇ ಕಾಗದ ತೋರಿಸಿ ಕನೆಕ್ಷನ್ ಪಡೆಯಬಹುದು. ಅದರ ಒಂದು ಜೆರಾಕ್ಸ್ ಮಾಲೀಕರಿಗೂ ಕೊಟ್ಟು ಹೋಗಿ. ಮುಂದೆ ಆ ಮನೆಗೆ ಬರುವವರಿಗೆ ಅದು ಬೇಕಾಗುತ್ತದೆ.