ಮುಂಬೈ ಮಳೆಗಾಲಕ್ಕೆ ಸ್ಪೇರ್ ಇಂಕೋ, ಟೋನರೋ?

ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡೂ ಪ್ರಿಂಟರ್ ಇವೆ. ವರ್ಷಗಟ್ಟಲೆ ಎತ್ತಿಡೋದಾದ್ರೆ ನನ್ನ ಮತ ಟೋನರಿಗೆ.

ಇಂಕಿನಲ್ಲಿರೋದು ಬಹುಪಾಲು ನೀರು. ಸೀಲ್ ಒಡೆಯದಿದ್ದರೂ ಅದು ನಿಧಾನವಾಗಿ ಆರುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ವರ್ಷದೊಳಗೆ ಬಳಸಿಬಿಡಿ. ಒಂದಕ್ಕಿಂತ ಜಾಸ್ತಿ ಸ್ಪೇರ್ ಬೇಡ.

ಟೋನರ್ ಒಣ ಪ್ಲಾಸ್ಟಿಕ್ ಪುಡಿ, ಆರುವ ಮಾತೇ ಇಲ್ಲ. ಆದರೆ ತೇವ ತಗುಲಿದರೆ ಪುಡಿ ಚಾರ್ಜ್ ಹಿಡಿಯಲ್ಲ, ಬಿಳಿ ಹಾಳೆಯ ಮೇಲೆ ಬೂದು ಛಾಯೆ ಬೀಳುತ್ತದೆ. ಬಿಸಿಲಿಗೆ ಬಿಟ್ಟರೆ ಗಂಟು ಕಟ್ಟುತ್ತದೆ.

ಜುಲೈನಲ್ಲಿ ನಮ್ಮ ಹೊರಗೋಡೆ ಬೆವರುತ್ತದೆ. ಹಾಗಾಗಿ ಒಳಗೋಡೆಯ ಕಪಾಟಿನಲ್ಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಕಂಪನಿಯ ಚೀಲ ಹರಿಯದೆ ಇಟ್ಟಿದ್ದೇನೆ. ಟೋನರನ್ನು ನಿಲ್ಲಿಸದೆ ಮಲಗಿಸಿದ್ದೇನೆ. ಫ್ರಿಜ್ ಮಾತ್ರ ಬೇಡ: ಹೊರತೆಗೆದಾಗ ಹನಿ ಕಟ್ಟುತ್ತದೆ, ಅಲ್ವಾ?